ರಿಪೀಟ್ ಆರ್ಡರ್‌ಗೆ ಎಷ್ಟು ಗಂಟೆ ಹಿಡಿಯಬೇಕು?

ಪ್ರಶ್ನೆ: ಪುಣೆಯ ಭೋಸರಿಯಲ್ಲಿ ನಮ್ಮದು ಕಂಟ್ರೋಲ್ ಪ್ಯಾನೆಲ್ ಜೋಡಿಸುವ ಸಣ್ಣ ವರ್ಕ್‌ಶಾಪ್. ಮೊದಲ 10 ಪ್ಯಾನೆಲ್‌ಗೆ ಒಟ್ಟು 400 ಗಂಟೆ ಆಯಿತು. ಕೂಲಿ ಗಂಟೆಗೆ ₹150, ಪ್ಯಾನೆಲ್ ಒಂದಕ್ಕೆ ಸಾಮಾನು ₹18,000. ಈಗ ಅದೇ ಗಿರಾಕಿ ಇನ್ನೂ 30 ಕೇಳುತ್ತಿದ್ದಾರೆ. "80% ಲರ್ನಿಂಗ್ ಕರ್ವ್ ಇದೆ, ದರದಲ್ಲಿ 20% ಇಳಿಸಿ" ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ 30 ಪ್ಯಾನೆಲ್‌ಗೆ 768 ಗಂಟೆ ಬರುತ್ತದೆ. ಸರಿಯಾ?

ಉತ್ತರ: ನಿಮ್ಮ 768 ಸರಿಯಲ್ಲ, ಅವರ 20% ಕೂಡ ಸರಿಯಲ್ಲ. ಮೊದಲು ಗಂಟೆ ನೋಡೋಣ.

80% ಲರ್ನಿಂಗ್ ಕರ್ವ್ ಅಂದರೆ ಇಷ್ಟೇ: ಕೈ ಪಳಗುತ್ತಾ, ಮಾಡಿದ ಒಟ್ಟು ಸಂಖ್ಯೆ ಎರಡರಷ್ಟಾದಾಗಲೆಲ್ಲ, ಮೊದಲಿನಿಂದ ಇಲ್ಲಿಯವರೆಗಿನ ಸರಾಸರಿ ಗಂಟೆ ಹಿಂದಿನದರ 80%ಕ್ಕೆ ಇಳಿಯುತ್ತದೆ. 1936ರಲ್ಲಿ ಟಿ. ಪಿ. ರೈಟ್ ವಿಮಾನ ತಯಾರಿಕೆಯ ಖರ್ಚಿನ ಬಗ್ಗೆ ಬರೆದಾಗ ಹೇಳಿದ್ದೂ ಇದೇ ಸರಾಸರಿಯ ಮಾತು. ನಿಮ್ಮ 10 ಪ್ಯಾನೆಲ್‌ನ ಸರಾಸರಿ 40 ಗಂಟೆ. 20 ಆದಾಗ ಅದು 32. 40 ಆದಾಗ 25.6. ಇಲ್ಲಿಯವರೆಗೆ ನೀವೂ ಬಂದಿದ್ದೀರಿ. ಆದರೆ ಆ 25.6ನ್ನು 30ರಿಂದ ಗುಣಿಸಿಬಿಟ್ಟಿರಿ. ಅದು ಹೊಸ 30ರ ಸರಾಸರಿ ಅಲ್ಲ, ನಿಧಾನವಾಗಿ ಆದ ಮೊದಲ 10 ಕೂಡ ಸೇರಿ ಎಲ್ಲ 40ರ ಸರಾಸರಿ. ಹಾಗಾಗಿ 40 × 25.6 = 1,024 ಗಂಟೆ. ಅದರಲ್ಲಿ ಆಗಲೇ ಕಳೆದ 400 ತೆಗೆಯಿರಿ. ಉಳಿದದ್ದು 624 ಗಂಟೆ. ಪ್ಯಾನೆಲ್‌ಗೆ 20.8 ಬಿತ್ತು. ಈ ಕಳೆಯುವ ಹೆಜ್ಜೆಯನ್ನು ಪರೀಕ್ಷೆಯಲ್ಲೂ ಕೋಟೇಶನ್‌ನಲ್ಲೂ ತುಂಬಾ ಜನ ಮರೆಯುತ್ತಾರೆ.

ಗಿರಾಕಿ 30ರ ಬದಲು 20 ಕೇಳಿದ್ದರೆ ಒಟ್ಟು 30 ಆಗುತ್ತಿತ್ತು, ಸರಿಯಾಗಿ ಎರಡರಷ್ಟಾಗುವ ಲೆಕ್ಕ ಕೂಡುವುದಿಲ್ಲ. ಆಗ ಈ ಸೂತ್ರ ಬೇಕು:

```
Y = a × X^b
b = log 0.8 / log 2 = -0.322
```

10 ಪ್ಯಾನೆಲ್‌ನ ಲಾಟ್ ಒಂದು ಎಂದು ಹಿಡಿದರೆ, ಮೊದಲ ಲಾಟ್‌ನ ಸರಾಸರಿ a = 40, ಒಟ್ಟು ಲಾಟ್ X = 3. ಎಲ್ಲ 30ರ ಸರಾಸರಿ Y ಸುಮಾರು 28.1 ಗಂಟೆ ಬರುತ್ತದೆ. ಮುಂದೆ ಅದೇ ದಾರಿ: ಒಟ್ಟು ಮಾಡಿ, 400 ಕಳೆಯಿರಿ.

ಈಗ ದರದ ಮಾತು. ಕೈಕೆಲಸ ಪಳಗಿದರೆ ಗಂಟೆ ಇಳಿಯುತ್ತದೆ, ಆದರೆ ಎಂಸಿಬಿ, ಕಾಂಟ್ಯಾಕ್ಟರ್, ತಂತಿ, ಡಬ್ಬಿ ಯಾವುದೂ ಅದರಿಂದ ಅಗ್ಗ ಆಗುವುದಿಲ್ಲ. ಮೊದಲು ಪ್ಯಾನೆಲ್‌ಗೆ ಸಾಮಾನು ₹18,000, ಕೂಲಿ ₹6,000, ಸೇರಿ ₹24,000. ಈಗ ಕೂಲಿ 20.8 × 150 = ₹3,120, ಒಟ್ಟು ₹21,120. ಕೂಲಿ ಹೆಚ್ಚುಕಡಿಮೆ ಅರ್ಧ ಆದರೂ ಪ್ಯಾನೆಲ್‌ನ ಖರ್ಚು ಇಳಿದದ್ದು 12% ಮಾತ್ರ. ನೀವು 20% ಒಪ್ಪಿದರೆ ಉಳಿದದ್ದು ನಿಮ್ಮ ಲಾಭದಿಂದಲೇ ಹೋಗುತ್ತದೆ. ಪರ್ಚೇಸ್‌ನವರ ಮುಂದೆ ಈ ಎರಡು ಸಾಲು ಬರೆದು ತೋರಿಸಿ.

ನನಗೆ ನಿಜವಾಗಿ ಚಿಂತೆ ಆಗುವುದು ಆ 80ರ ಬಗ್ಗೆ. ಅದು ಗಿರಾಕಿ ಹೇಳಿದ ಅಂಕಿ, ನಿಮ್ಮ ವರ್ಕ್‌ಶಾಪ್‌ನದಲ್ಲ. ಜಾಬ್ ಕಾರ್ಡ್ ತೆಗೆದು ಮೊದಲ 5 ಪ್ಯಾನೆಲ್‌ಗೆ ಎಷ್ಟು ಗಂಟೆ ಆಗಿತ್ತು ನೋಡಿ. 250ರ ಹತ್ತಿರ ಇದ್ದರೆ ಸರಾಸರಿ 50, ಅದು 10ಕ್ಕೆ ಬರುವಾಗ 40 ಆಗಿದೆ, 80% ಸರಿ. 222ರ ಹತ್ತಿರ ಇದ್ದರೆ ನಿಮ್ಮದು 90%. ಆಗ 40ರ ಸರಾಸರಿ 32.4, ಹೊಸ 30ಕ್ಕೆ 896 ಗಂಟೆ ಬೇಕು. 272 ಗಂಟೆ ಜಾಸ್ತಿ, ಅಂದರೆ ₹40,800. ಸುಮ್ನೆ ಯಾರೋ ಹೇಳಿದ ಅಂಕಿ ನಂಬಿದರೆ ಇಷ್ಟು ಕೈಬಿಡುತ್ತದೆ.

ಇನ್ನೊಂದು, ಕೆಲಸ ಯಾರು ಮಾಡುತ್ತಾರೆ? ಮೊದಲ ಲಾಟ್ ವೈರಿಂಗ್ ಮಾಡಿದ ಹುಡುಗರೇ, ಹೆಚ್ಚು ಬಿಡುವಿಲ್ಲದೆ, ಅದೇ ಡ್ರಾಯಿಂಗ್ ಮೇಲೆ ಮುಂದುವರಿದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಚಾಕಣ ಕಡೆಯ ಒಂದು ವರ್ಕ್‌ಶಾಪ್‌ನಲ್ಲಿ ನಾನೇ ನೋಡಿದ್ದೇನೆ. ಎರಡು ಆರ್ಡರ್ ನಡುವೆ ಆರು ತಿಂಗಳ ಬಿಡುವು ಬಿತ್ತು. ಪಳಗಿದ ಇಬ್ಬರು ಬಿಟ್ಟು ಹೋಗಿದ್ದರು. ಹೊಸಬರು ಯಾವ ತಂತಿ ಯಾವ ಟರ್ಮಿನಲ್‌ಗೆ ಅಂತ ಮತ್ತೆ ಡ್ರಾಯಿಂಗ್ ನೋಡುತ್ತಾ ಕೂತರು, ಗಂಟೆ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೇ ಬಂತು. ಅವರು ಕೋಟೇಶನ್ ಮಾತ್ರ ಇಳಿದ ಗಂಟೆಗೇ ಕೊಟ್ಟಿದ್ದರು. ಹಾಗಾಗಿ ನಿಮ್ಮ ಕೋಟೇಶನ್‌ನಲ್ಲಿ "30 ಪ್ಯಾನೆಲ್ ಒಂದೇ ಸಲ, ಡ್ರಾಯಿಂಗ್ ಬದಲಾದರೆ ದರ ಬೇರೆ" ಎಂದು ಬರೆಯಿರಿ. ಗಿರಾಕಿ ಮೂರು ತಿಂಗಳಿಗೆ ಹತ್ತರಂತೆ ಬಿಡಿಬಿಡಿಯಾಗಿ ಕೇಳಿದರೆ ₹21,120ರ ಲೆಕ್ಕ ಕೊಡಬೇಡಿ.