ಥರ್ಮಲ್ ಹಾಕಿಕೊಂಡರೂ ನಡುಕ ಯಾಕೆ?

"ಅಕ್ಕಾ, ಟೊರೊಂಟೊಗೆ ಬಂದು ಎರಡು ವಾರ ಆಯ್ತು. ಊರಿಂದ ಒಳಗೆ ಹಾಕುವ ದಪ್ಪ ಥರ್ಮಲ್ ತಂದಿದ್ದೀನಿ. ದಿನಾ ಮೇಲೂ ಕೆಳಗೂ ಹಾಕಿಕೊಂಡೇ ಹೊರಡ್ತೀನಿ. ವಾರ್ಡನ್ ಸ್ಟೇಷನ್‌ಗೆ ನಡೆದು ಹೋಗಿ ಸಬ್‌ವೇ ಟ್ರೈನ್ ಹತ್ತಿದರೆ ಮೈಯೆಲ್ಲ ಬೆವರು. ಇಳಿದು ಬಸ್ಸಿಗೆ ನಿಂತರೆ ನಡುಕ. ಇನ್ನೂ ದಪ್ಪದ್ದು ತಗೋಬೇಕಾ?"

ಬೇಡ. ನಾಳೆ ಮೇಲಿನ ಥರ್ಮಲ್ ಮನೆಯಲ್ಲೇ ಬಿಟ್ಟು ಹೊರಡಿ, ಕೆಳಗಿನದು ಇರಲಿ. ಬಸ್ ಸ್ಟಾಪಿನಲ್ಲಿ ನಿಮ್ಮನ್ನು ನಡುಗಿಸುತ್ತಿರುವುದು ಹೊರಗಿನ ಚಳಿ ಒಂದೇ ಅಲ್ಲ. ಟ್ರೈನಿನಲ್ಲಿ ಬೆವರಿದಿರಲ್ಲ, ಆ ಬೆವರು ಇನ್ನೂ ಮೈಗೆ ಅಂಟಿಕೊಂಡಿದೆ.

ಬಟ್ಟೆ ತಾನಾಗಿ ಬಿಸಿ ಕೊಡುವುದಿಲ್ಲ. ಅದರ ಎಳೆಗಳ ನಡುವೆ ಗಾಳಿ ನಿಂತಿರುತ್ತದೆ. ಮೈಶಾಖ ಹೊರಗೆ ಹೋಗದಂತೆ ತಡೆಯುವುದು ಆ ಗಾಳಿ. ಬಟ್ಟೆ ಒದ್ದೆಯಾದರೆ ಗಾಳಿಯ ಜಾಗಕ್ಕೆ ನೀರು ಬರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಸುಲಭವಾಗಿ ಶಾಖ ಸಾಗಿಸುತ್ತದೆ. ಜೊತೆಗೆ ಆ ನೀರು ಆರುವಾಗ ಬೇಕಾದ ಶಾಖವನ್ನೂ ನಿಮ್ಮ ಮೈಯಿಂದಲೇ ಎಳೆದುಕೊಳ್ಳುತ್ತದೆ. ಊರಿನಲ್ಲಿ ಸಿಗುವ ದಪ್ಪ ಥರ್ಮಲ್‌ಗಳಲ್ಲಿ ಹತ್ತಿ ಜಾಸ್ತಿ ಇರುವುದು ಸಾಮಾನ್ಯ. ನಿಮ್ಮದರ ಲೇಬಲ್ ಒಮ್ಮೆ ನೋಡಿ. ಹತ್ತಿಯಾದರೆ ಬೆವರು ಹೀರಿಕೊಂಡು ಸುಲಭಕ್ಕೆ ಬಿಡುವುದಿಲ್ಲ. ಅದಕ್ಕಿಂತ ದಪ್ಪದ್ದು ತಂದರೆ ಇನ್ನಷ್ಟು ಬೆವರುತ್ತೀರಿ, ಆರುವುದಕ್ಕೂ ಇನ್ನಷ್ಟು ಹೊತ್ತು ಬೇಕು.

ಥರ್ಮಲ್‌ನ ನಿಜವಾದ ತೊಂದರೆ ಇದು: ಸೆಕೆಯಾದರೆ ಜಾಕೆಟ್ ಬಿಚ್ಚಬಹುದು, ಸ್ವೆಟರ್ ತೆಗೆದು ಬ್ಯಾಗಿಗೆ ತುರುಕಬಹುದು. ಥರ್ಮಲ್ ಮಾತ್ರ ಟ್ರೈನಿನಲ್ಲಿ ಬಿಚ್ಚುವ ಹಾಗಿಲ್ಲ. ಆಫೀಸಿನಲ್ಲಿ ಹೀಟರ್ ಹಾಕಿ 22 ಡಿಗ್ರಿ ಇಟ್ಟಿರುತ್ತಾರೆ, ಅಲ್ಲೂ ಸಂಜೆಯವರೆಗೆ ಅದರಲ್ಲೇ ಬೇಯಬೇಕು. ಹಾಗಾಗಿ ಹೊರಗೆ ಎಷ್ಟು ಡಿಗ್ರಿ ಎಂದು ನೋಡಿದರೆ ಸಾಲದು. ಹೊರಗೆ ಎಷ್ಟು ಹೊತ್ತು ಇರುತ್ತೀರಿ, ಅದರಲ್ಲಿ ಸುಮ್ನೆ ನಿಲ್ಲುವುದು ಎಷ್ಟು, ನಡೆಯುವುದು ಎಷ್ಟು, ಅದನ್ನೂ ಲೆಕ್ಕ ಹಾಕಿ.

ನಿಮ್ಮ ದಾರಿಯನ್ನೇ ತೆಗೆದುಕೊಳ್ಳೋಣ. ಜನವರಿ ಬೆಳಿಗ್ಗೆ ಮೈನಸ್ 10, ಗಂಟೆಗೆ 30 ಕಿಲೋಮೀಟರ್ ಗಾಳಿ ಅಂದುಕೊಳ್ಳಿ. ಮೊಬೈಲಿನಲ್ಲಿ ವಿಂಡ್ ಚಿಲ್, ಅಂದರೆ ಗಾಳಿಯೂ ಸೇರಿ ಅನಿಸುವ ಚಳಿ, ಮೈನಸ್ 20 ಎಂದು ಬರುತ್ತದೆ. ಹೊಸಬರು ಹೆದರಿ ಒಂದರ ಮೇಲೊಂದು ಹಾಕಿಕೊಳ್ಳುವುದು ಈ ಅಂಕಿ ನೋಡಿಯೇ. ಆದರೆ ಅದು ಗಾಳಿಗೆ ತೆರೆದ ಚರ್ಮಕ್ಕೆ, ಮುಖ್ಯವಾಗಿ ಮುಖಕ್ಕೆ ಸಂಬಂಧಪಟ್ಟದ್ದು. ಗಾಳಿ ನುಗ್ಗದ ಒಳ್ಳೆ ಜಾಕೆಟ್ ಇದ್ದರೆ ಎದೆ ಬೆನ್ನಿಗೆ ಆ ಲೆಕ್ಕ ಇಲ್ಲ. ವಿಂಡ್ ಚಿಲ್ ನೋಡಿ ಟೋಪಿ, ಮಫ್ಲರ್, ಕೈಗವಸು ಸರಿಮಾಡಿಕೊಳ್ಳಿ. ಮೈನಸ್ 28ಕ್ಕಿಂತ ಕೆಳಗೆ ಹೋದರೆ ಮುಚ್ಚದ ಚರ್ಮ ಅರ್ಧ ಗಂಟೆಯೊಳಗೇ ಹೆಪ್ಪುಗಟ್ಟಬಹುದು. ಅಂಥ ದಿನ ಬೆರಳನ್ನೂ ಕಿವಿಯನ್ನೂ ಯಾವ ಥರ್ಮಲ್ಲೂ ಕಾಯುವುದಿಲ್ಲ.

ಮನೆಯಿಂದ ಹೊರಟು ಚುರುಕಾಗಿ ನಡೆಯುವಾಗ ಕೂತಿರುವುದಕ್ಕಿಂತ ಮೂರು ಪಟ್ಟಿನಷ್ಟು ಶಾಖ ಮೈಯಲ್ಲೇ ಹುಟ್ಟುತ್ತದೆ. ಬಾಗಿಲು ದಾಟಿದ ಮೊದಲ ಐದು ನಿಮಿಷ ಸ್ವಲ್ಪ ಚಳಿ ಎನಿಸಿದರೆ ಬಟ್ಟೆ ಸರಿಯಾಗಿದೆ. ಹೊರಬಂದ ಕೂಡಲೇ ಹಾಯಾಗಿದ್ದರೆ ಸ್ಟೇಷನ್ ತಲುಪುವಷ್ಟರಲ್ಲಿ ಬೆವರುವುದು ಖಂಡಿತ. ಬೆನ್ನಿಗೆ ಬ್ಯಾಗ್ ಹಾಕುತ್ತೀರಾ? ಬ್ಯಾಗಿನ ಕೆಳಗೆ ಕೈಹಾಕಿ ನೋಡಿ, ಮೊದಲು ಒದ್ದೆಯಾಗುವುದು ಅಲ್ಲಿಯೇ.

ಸ್ಟೇಷನ್ ಒಳಗೆ ಕಾಲಿಟ್ಟ ತಕ್ಷಣ ಟೋಪಿ ತೆಗೆದು, ಜಾಕೆಟ್ಟಿನ ಜಿಪ್ ಪೂರ್ತಿ ಇಳಿಸಿ. ಬೆವರು ಬರಲಿ, ಆಮೇಲೆ ನೋಡೋಣ ಎಂದು ಕಾಯಬೇಡಿ. ಇಳಿಯುವುದಕ್ಕೆ ಒಂದು ಸ್ಟೇಷನ್ ಮೊದಲೇ ಜಿಪ್ ಏರಿಸಿ, ಮಫ್ಲರ್ ಸುತ್ತಿಕೊಳ್ಳಿ. ಆಗ ಒಳಗಿನ ಬೆಚ್ಚನೆ ಗಾಳಿಯನ್ನು ಹಿಡಿದುಕೊಂಡೇ ಬಸ್ ಸ್ಟಾಪಿಗೆ ಬರುತ್ತೀರಿ. ಮೇಲಕ್ಕೆ ಒಂದು ಪೂರ್ಣ ತೋಳಿನ ಶರ್ಟು, ಒಂದು ತೆಳು ಸ್ವೆಟರ್, ಜಾಕೆಟ್. ಮೈನಸ್ 10ಕ್ಕೆ ಇಷ್ಟು ಸಾಕು.

ಹಾಗಾದರೆ ಕೆಳಗಿನದು ಇರಲಿ ಎಂದು ಯಾಕೆ ಹೇಳಿದೆ? ಎದೆಗೆ ಜಾಕೆಟ್ ಇದೆ, ಕಾಲಿಗೆ ಏನಿದೆ? ಒಂದೇ ಒಂದು ಪ್ಯಾಂಟು. ಜೀನ್ಸ್ ಹಾಕಿದರೆ ಗಾಳಿ ಸೀದಾ ತೊಡೆಗೆ ತಾಗುತ್ತದೆ. ಜಾಕೆಟ್ ಸೊಂಟಕ್ಕೇ ನಿಲ್ಲುವಂಥದ್ದಾದರೆ ಕೇಳುವುದೇ ಬೇಡ. ಕಾಲು ಎದೆ ಬೆನ್ನಿನಷ್ಟು ಬೇಗ ಬೆವರುವುದೂ ಇಲ್ಲ. ನನ್ನ ಮಟ್ಟಿಗೆ ಮೈನಸ್ 10ರ ಆಚೆ ಹೋದರೆ ತೆಳು ಥರ್ಮಲ್ ಪ್ಯಾಂಟು ಬೇಕೇ ಬೇಕು. ಸೊನ್ನೆಯ ಆಸುಪಾಸಿನಲ್ಲಿ ಬೇಡ. ಇಲ್ಲಿ ಜನವರಿಯಲ್ಲೂ ಒಮ್ಮೊಮ್ಮೆ ಪ್ಲಸ್ 4, 5 ಆಗುತ್ತದೆ. ಕ್ಯಾಲೆಂಡರ್ ನೋಡಿ ಥರ್ಮಲ್ ಹಾಕುವವರು ಆ ದಿನ ಟ್ರೈನಿನಲ್ಲಿ ಪಡುವ ಪಾಡು ನೋಡಬೇಕು.

ಹೊಸದು ಕೊಳ್ಳುವುದಾದರೆ ತೆಳುವಾದದ್ದನ್ನೇ ನೋಡಿ. ಮೆರಿನೊ ಉಣ್ಣೆಯಲ್ಲಿ 150ರಿಂದ 200 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆ ಅಷ್ಟು ಗ್ರಾಂ ತೂಗುತ್ತದೆ, ಎಂದಿರುವುದು ಓಡಾಟಕ್ಕೆ ಸಾಕು, 250 ನಮ್ಮಂಥವರಿಗಲ್ಲ. ಮೆರಿನೊ ಸ್ವಲ್ಪ ಒದ್ದೆಯಾದರೂ ಅಷ್ಟು ತಣ್ಣಗೆ ಅನಿಸುವುದಿಲ್ಲ, ಬೇಗ ವಾಸನೆಯೂ ಬರುವುದಿಲ್ಲ. ಆದರೆ ದುಬಾರಿ. ಪಾಲಿಯೆಸ್ಟರ್ ಅಗ್ಗ, ರಾತ್ರಿ ಒಗೆದು ಹಾಕಿದರೆ ಬೆಳಿಗ್ಗೆಗೆ ಆರಿರುತ್ತದೆ, ಒಂದೇ ದಿನಕ್ಕೆ ನಾರುತ್ತದೆ ಅಷ್ಟೇ. ಯಾವುದೇ ಇರಲಿ, ಮೈಗೆ ಅಂಟಿದ ಹಾಗೆ ಇರಬೇಕು, ಬಿಗಿಯಬಾರದು. ದೊಗಳೆಯಾದರೆ ಬೆವರನ್ನು ಚರ್ಮದಿಂದ ಎಳೆದುಕೊಳ್ಳುವ ಕೆಲಸ ಅದರಿಂದ ಆಗುವುದಿಲ್ಲ. ಅಂಗಡಿಯಲ್ಲಿ 'ಥರ್ಮಲ್' ಎಂದು ಬರೆದ ಚೌಕುಳಿ ನೇಯ್ಗೆಯ ಹತ್ತಿಯದೂ ಇರುತ್ತದೆ, ಹೆಸರಿಗೆ ಮರುಳಾಗಬೇಡಿ.

ಮೇಲಿನ ಥರ್ಮಲ್‌ಗೂ ಅದರದೇ ಹೊತ್ತು ಇದೆ. ಕದಲದೆ ಹೊರಗೆ ನಿಲ್ಲಬೇಕಾದಾಗ ಅದನ್ನು ಹಾಕಲೇಬೇಕು. ಸಿಟಿ ಹಾಲ್ ಮುಂದಿನ ನೇಥನ್ ಫಿಲಿಪ್ಸ್ ಸ್ಕ್ವೇರ್‌ನಲ್ಲಿ ಮಕ್ಕಳು ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುತ್ತಿರುತ್ತಾರೆ, ಅವರಿಗೆ ಸೆಕೆ. ಪಕ್ಕದಲ್ಲಿ ಚಪ್ಪಾಳೆ ತಟ್ಟುತ್ತ ನಿಂತ ನಮಗೆ ಚಳಿ. ಊರಿಂದ ಯಾರಾದರೂ ಬಂದರೆ ಚಳಿಗಾಲದಲ್ಲೂ ನಯಾಗರ ತೋರಿಸಲೇಬೇಕು ಅಲ್ವಾ? ಅಲ್ಲಿ ನೀರಿನ ತುಂತುರು, ಗಾಳಿ, ಫೋಟೋಗೆ ನಿಲ್ಲುವುದು ಎಲ್ಲ ಸೇರುತ್ತದೆ. ಸುತ್ತಲ ಊರುಗಳಿಗೆ ಹೋಗುವ ಗೋ ಟ್ರೈನಿನ ಬಯಲು ಪ್ಲಾಟ್‌ಫಾರ್ಮಿನಲ್ಲಿ ಭಾನುವಾರ ಗಾಡಿ ತಪ್ಪಿದರೆ ಮುಂದಿನದಕ್ಕೆ ಕಾಯುವುದೂ ಹಾಗೆಯೇ. ಇಂಥ ಕಡೆಗೆ ಮೇಲೆ ಕೆಳಗೆ ಎರಡೂ ಹಾಕಿ.

ಮನೆ ಮುಂದಿನ ಹಿಮ ಎತ್ತುವಾಗ ಮಾತ್ರ ಎರಡೂ ಬೇಡ. ಒದ್ದೆ ಹಿಮ ತುಂಬಿದ ಸಲಿಕೆ ಎತ್ತಿ ಎಸೆಯುವುದು ಓಡುವಷ್ಟೇ ಕೆಲಸ. ಒಂದು ತೆಳು ಪಾಲಿಯೆಸ್ಟರ್ ಟೀಶರ್ಟು, ಮೇಲೆ ಗಾಳಿ ತಡೆಯುವ ಜಾಕೆಟ್ ಸಾಕು. ಮುಗಿದ ಮೇಲೆ ಪಕ್ಕದ ಮನೆಯವರ ಜೊತೆ ಮಾತಿಗೆ ನಿಲ್ಲದೆ ಒಳಗೆ ಬಂದು ಬಟ್ಟೆ ಬದಲಿಸಿ.

ಊರಿಂದ ತಂದ ದಪ್ಪದ್ದನ್ನು ಬಿಸಾಡಬೇಡಿ, ರಾತ್ರಿ ಮಲಗುವಾಗ ಹಾಕಿಕೊಳ್ಳಬಹುದು. ಆದರೆ ಬಾಡಿಗೆ ಮನೆಯೊಳಗೆ ಹಗಲೂ ಅದಿಲ್ಲದೆ ಇರಲಾಗುತ್ತಿಲ್ಲ ಎಂದರೆ ಒಂದು ಥರ್ಮಾಮೀಟರ್ ತಂದಿಡಿ. ಹೀಟರ್ ಮನೆ ಮಾಲೀಕರ ಕೈಯಲ್ಲಿದ್ದರೆ ಚಳಿಗಾಲದಲ್ಲಿ ಅವರು 21 ಡಿಗ್ರಿಗಿಂತ ಕಡಿಮೆ ಮಾಡುವ ಹಾಗಿಲ್ಲ, ಅದು ಟೊರೊಂಟೊ ನಗರದ ನಿಯಮ. ಮೊದಲು ಅವರಿಗೆ ಹೇಳಿ. ಕೇಳದಿದ್ದರೆ ನಗರಾಡಳಿತದ ಸಹಾಯವಾಣಿ 311ಕ್ಕೆ ಫೋನ್ ಮಾಡಿ.