ಲಾಭ ಇದೆ, ನಗದು ಇಲ್ಲ: 1,40,000 ರೂಪಾಯಿಯ ವ್ಯತ್ಯಾಸ ಎಲ್ಲಿದೆ?

*ಮಾನ್ಯ ಸಂಪಾದಕರಿಗೆ ನಮಸ್ಕಾರ. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಸಾಲ ನವೀಕರಣಕ್ಕೆ ಬ್ಯಾಂಕಿನವರು ಪರೋಕ್ಷ ವಿಧಾನದ ನಗದು ಹರಿವಿನ ಪಟ್ಟಿ ಕೇಳಿದ್ದಾರೆ. ನಿವ್ವಳ ಲಾಭ 8,60,000. ಅದಕ್ಕೆ ಸವಕಳಿ ಕೂಡಿಸಿದೆ, ಹಳೇ ಕಲರ್ ಸಾರ್ಟರ್ ಮಾರಿ ಬಂದ ಲಾಭ 70,000 ಕೂಡಿಸಿದೆ, ಉಳಿದದ್ದನ್ನೂ ಹಾಕಿದೆ. ಪಟ್ಟಿಯ ಪ್ರಕಾರ ವರ್ಷದ ಕೊನೆಗೆ 2,15,000 ಇರಬೇಕು. ಆದರೆ ಕೈಯಲ್ಲೂ ಬ್ಯಾಂಕಿನಲ್ಲೂ ಸೇರಿ ಇರುವುದು 75,000 ಮಾತ್ರ. ಇಷ್ಟು ಲಾಭ ಆದಮೇಲೆ ರೊಕ್ಕ ಎಲ್ಲಿ ಹೋಯಿತು ಎಂದು ಸಾಹುಕಾರರು ನನ್ನನ್ನೇ ಕೇಳುತ್ತಾರೆ. ಸವಕಳಿ ಇನ್ನಷ್ಟು ಜಾಸ್ತಿ ಹಾಕಿದರೆ ನಗದು ಹೆಚ್ಚು ಕಾಣುತ್ತದಲ್ಲ ಎಂದೂ ಅನ್ನುತ್ತಾರೆ. ಕಾಗದಗಳನ್ನು ಜೊತೆಗೆ ಇಟ್ಟಿದ್ದೇನೆ. ದಾರಿ ತೋರಿಸಿ.*
*— ಒಬ್ಬ ಓದುಗ, ಕಲಬುರಗಿ*

1,40,000ವನ್ನು ಎರಡರಿಂದ ಭಾಗಿಸಿ. 70,000 ಬರುತ್ತದೆ. ನೀವು ಕೂಡಿಸಿದ ಆ ಯಂತ್ರದ ಲಾಭ ಅಷ್ಟೇ. ಕಳೆಯಬೇಕಾದ ಮೊತ್ತವನ್ನು ಕೂಡಿಸಿದರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟಾಗುತ್ತದೆ. ಹಾಗಾಗಿ ಮೊದಲು ಸಾಹುಕಾರರಿಗೆ ಇದನ್ನು ಹೇಳಿ: ಯಾರೂ ಹಣ ತೆಗೆದಿಲ್ಲ, ಪಟ್ಟಿಯಲ್ಲಿ ಒಂದು ಚಿಹ್ನೆ ತಿರುವುಮುರುವಾಗಿದೆ.

ಯಾಕೆ ಕಳೆಯಬೇಕು? ಆ ಸಾರ್ಟರಿನ ಪುಸ್ತಕದ ಬೆಲೆ 1,80,000 ಇತ್ತು, ಮಾರಿದ್ದು 2,50,000ಕ್ಕೆ. ಕೈಗೆ ಬಂದ ಹಣ 2,50,000. ಅದನ್ನು ನೀವು ಹೂಡಿಕೆ ಚಟುವಟಿಕೆಗಳ ಕೆಳಗೆ ಪೂರ್ತಿಯಾಗಿ, ಸರಿಯಾಗಿಯೇ ತೋರಿಸಿದ್ದೀರಿ. ಆ ಎರಡೂವರೆ ಲಕ್ಷದೊಳಗೆ 70,000 ಆಗಲೇ ಸೇರಿಹೋಗಿದೆ. ಲಾಭ ನಷ್ಟ ಖಾತೆಯ 8,60,000ದಲ್ಲೂ ಅದೇ 70,000 ಕೂತಿದೆ. ಏನೂ ಮಾಡದೆ ಬಿಟ್ಟಿದ್ದರೆ ಒಂದೇ ಹಣ ಎರಡು ಸಲ ಎಣಿಕೆಯಾಗುತ್ತಿತ್ತು. ನೀವು ಅದನ್ನು ಮತ್ತೆ ಕೂಡಿಸಿದ್ದರಿಂದ ಮೂರು ಸಲ ಆಗಿದೆ. ಲಾಭದಿಂದ ಅದನ್ನು ಕಳೆದರೆ ಹೂಡಿಕೆಯ ಸಾಲಿನಲ್ಲಿ ಒಂದೇ ಸಲ ಉಳಿಯುತ್ತದೆ. ಯಂತ್ರ ನಷ್ಟಕ್ಕೆ ಹೋಗಿದ್ದರೆ ಇದೇ ಕಾರಣಕ್ಕೆ ಆ ನಷ್ಟವನ್ನು ಕೂಡಿಸಬೇಕಾಗುತ್ತಿತ್ತು.

ಸವಕಳಿಯ ಬಗ್ಗೆ ಸಾಹುಕಾರರು ಅಂದ ಮಾತು ಅವರೊಬ್ಬರದ್ದಲ್ಲ. ಸವಕಳಿಯಿಂದ ಹಣ ಹುಟ್ಟುತ್ತದೆ ಎಂಬ ನಂಬಿಕೆ ಗಂಜಿನಲ್ಲಿ ಅನೇಕರಿಗಿದೆ. ನಿಮ್ಮದೇ ಅಂಕಿ ತೆಗೆದುಕೊಂಡು ಅವರ ಎದುರಿಗೇ ಲೆಕ್ಕ ಮಾಡಿ ತೋರಿಸಿ. ಈಗ ಸವಕಳಿ 3,20,000, ಲಾಭ 8,60,000. ಕೂಡಿಸಿದರೆ 11,80,000. ಸವಕಳಿಯನ್ನು 4,20,000ಕ್ಕೆ ಏರಿಸಿದರೆ ಲಾಭ 7,60,000ಕ್ಕೆ ಇಳಿಯುತ್ತದೆ, ಮೊತ್ತ ಮತ್ತೆ 11,80,000. ಒಂದು ಪೈಸೆಯೂ ಹೆಚ್ಚುವುದಿಲ್ಲ. ಯಂತ್ರ ಕೊಂಡ ದಿನವೇ ಅದರ ಹಣ ಹೋಗಿದೆ, ಈ ವರ್ಷ ಸವಕಳಿ ಎಂದು ಬರೆದಾಗ ಯಾರಿಗೂ ಚೆಕ್ ಕೊಟ್ಟಿಲ್ಲ. ಲಾಭ ಲೆಕ್ಕ ಹಾಕುವಾಗ ಕಳೆದಿದ್ದನ್ನು ಇಲ್ಲಿ ವಾಪಸ್ ತರುತ್ತಿದ್ದೇವೆ, ಅಷ್ಟೇ. ಆದಾಯ ತೆರಿಗೆ ಕಾನೂನು ಒಪ್ಪುವ ಸವಕಳಿ ಹೆಚ್ಚಾದರೆ ತೆರಿಗೆ ಕಡಿಮೆಯಾಗಿ ಆ ಮಟ್ಟಿಗೆ ಹಣ ಉಳಿಯುವುದು ನಿಜ. ಆದರೆ ಅದು ತೆರಿಗೆ ಉಳಿತಾಯ, ಸವಕಳಿ ತಂದುಕೊಟ್ಟ ಹಣವಲ್ಲ.

ಬರಲಾರದ ಬಾಕಿಗೆಂದು ಮಾಡಿಟ್ಟ ಪ್ರಾವಿಜನ್ 40,000ದಿಂದ 1,00,000ಕ್ಕೆ ಏರಿದೆ. ಹೆಚ್ಚಾದ ಈ 60,000 ಕೂಡ ಯಾರಿಗೂ ಕೊಟ್ಟ ಹಣವಲ್ಲ, ಆದ್ದರಿಂದ ಕೂಡಿಸಬೇಕು. ನೀವು ಕೂಡಿಸಿದ್ದೀರಿ. ಇಲ್ಲಿ ಜಾರುವವರು ಬಹಳ, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ಗಿರಾಕಿಗಳಿಂದ ಬರಬೇಕಾದ ಒಟ್ಟು ಬಾಕಿ 12,40,000 ಇದ್ದದ್ದು 16,50,000 ಆಗಿದೆ, ಏರಿಕೆ 4,10,000. ಅಢಾವೆ ಪತ್ರಿಕೆಯಲ್ಲಿ ಮಾತ್ರ ಪ್ರಾವಿಜನ್ ಕಳೆದ ಅಂಕಿ ಕಾಣುತ್ತದೆ: 12,00,000 ಮತ್ತು 15,50,000, ಏರಿಕೆ 3,50,000. ಪ್ರಾವಿಜನ್ನಿನ 60,000 ಕೂಡಿಸಿದ ಮೇಲೆ ಬಾಕಿಯ ಏರಿಕೆಯನ್ನು 4,10,000 ಎಂದೇ ಕಳೆಯಬೇಕು. 60,000ವನ್ನೂ ಕೂಡಿಸಿ, 3,50,000 ಮಾತ್ರ ಕಳೆದರೆ ಪಟ್ಟಿ ಸರಿಯಾಗಿ 60,000ದಷ್ಟು ಹೆಚ್ಚು ತೋರಿಸುತ್ತದೆ. ಹೀಗೆ ವ್ಯತ್ಯಾಸದ ಮೊತ್ತವೇ ತಪ್ಪಿನ ಜಾಗ ಹೇಳುತ್ತದೆ. ಕಾಗದದಲ್ಲಿರುವ ಯಾವುದೋ ಒಂದು ಅಂಕಿಗೆ ಅದು ಸರಿಸಮ ಇದ್ದರೆ ಆ ಅಂಕಿ ಬಿಟ್ಟುಹೋಗಿದೆ ಇಲ್ಲವೆ ಎರಡು ಸಲ ಬಂದಿದೆ. ಎರಡರಷ್ಟಿದ್ದರೆ ಚಿಹ್ನೆ ತಪ್ಪಿದೆ.

ಬಡ್ಡಿ 2,40,000 ಬೇರೆ ಜಾತಿಯದು. ಅದು ನಿಜವಾಗಿಯೂ ಕೊಟ್ಟ ಹಣ. ಆದರೂ ಲಾಭಕ್ಕೆ ಕೂಡಿಸುತ್ತೇವೆ, ಏಕೆಂದರೆ ಲೆಕ್ಕಪತ್ರ ಮಾನದಂಡ ಎ.ಎಸ್. 3ರ ಪ್ರಕಾರ ನಿಮ್ಮಂಥ ವ್ಯಾಪಾರಿ ಸಂಸ್ಥೆ ಕೊಟ್ಟ ಬಡ್ಡಿ ಹಣಕಾಸು ಚಟುವಟಿಕೆಗಳ ಕೆಳಗೆ ಹೋಗಬೇಕು. ಇಲ್ಲಿ ಕೂಡಿಸಿ, ಅಲ್ಲಿ ಕಳೆಯುತ್ತೇವೆ. ಒಂದನ್ನು ಮಾಡಿ ಇನ್ನೊಂದನ್ನು ಮರೆಯಬಾರದು. ಈಗ ತಿದ್ದಿದ ಭಾಗ ಹೀಗಾಗುತ್ತದೆ:

ನಿವ್ವಳ ಲಾಭ: 8,60,000
ಕೂಡಿಸಿ, ಸವಕಳಿ: 3,20,000
ಕೂಡಿಸಿ, ಪ್ರಾವಿಜನ್ ಏರಿಕೆ: 60,000
ಕೂಡಿಸಿ, ಬಡ್ಡಿ: 2,40,000
ಕಳೆಯಿರಿ, ಯಂತ್ರ ಮಾರಿದ ಲಾಭ: 70,000
ದುಡಿಯುವ ಬಂಡವಾಳದ ಬದಲಾವಣೆಗೆ ಮೊದಲು: 14,10,000
ಕಳೆಯಿರಿ, ದಾಸ್ತಾನು ಏರಿಕೆ: 9,00,000
ಕಳೆಯಿರಿ, ಗಿರಾಕಿಗಳ ಬಾಕಿ ಏರಿಕೆ: 4,10,000
ಕೂಡಿಸಿ, ನಾವು ಕೊಡಬೇಕಾದ ಬಾಕಿಯ ಏರಿಕೆ: 2,60,000
ಕಾರ್ಯಾಚರಣೆಯಿಂದ ಬಂದ ನಗದು: 3,60,000

ಹೂಡಿಕೆಯಲ್ಲಿ ಹೊಸ ಯಂತ್ರಕ್ಕೆ 8,50,000 ಹೋಗಿ ಹಳೆಯದರಿಂದ 2,50,000 ಬಂದಿದೆ, ನಿವ್ವಳ 6,00,000 ಹೊರಕ್ಕೆ. ಹಣಕಾಸಿನಲ್ಲಿ ಹೊಸ ಸಾಲ 6,00,000 ಒಳಕ್ಕೆ, ಕಂತು 1,00,000, ಬಡ್ಡಿ 2,40,000 ಮತ್ತು ಸಾಹುಕಾರರು ಮನೆಗೂ ತಮ್ಮ ತೆರಿಗೆಗೂ ತೆಗೆದ 1,80,000 ಹೊರಕ್ಕೆ, ನಿವ್ವಳ 80,000 ಒಳಕ್ಕೆ. ಮೂರನ್ನೂ ಸೇರಿಸಿದರೆ 1,60,000 ಕಡಿಮೆ. ವರ್ಷದ ಮೊದಲು 2,35,000 ಇತ್ತು, ಈಗ 75,000. ಹೊಂದಿತು.

ರೊಕ್ಕ ಎಲ್ಲಿ ಹೋಯಿತು ಎಂಬುದಕ್ಕೂ ಉತ್ತರ ಈ ಪಟ್ಟಿಯಲ್ಲೇ ಇದೆ: ತೊಗರಿಯ ಚೀಲಗಳಲ್ಲಿ. ನಮ್ಮ ಕಡೆ ತೊಗರಿ ರಾಶಿ ಶುರುವಾಗುವುದು ಡಿಸೆಂಬರಿನಲ್ಲಿ, ಆಮೇಲೆ ಕೆಲವು ತಿಂಗಳು ನೆಹರು ಗಂಜಿಗೆ ಆವಕ ಜೋರು. ಮಿಲ್ಲಿನವರು ವರ್ಷವಿಡೀ ಬೇಳೆ ಮಾಡಲು ಬೇಕಾದ ಕಾಳನ್ನು ಆಗಲೇ ಕೊಂಡು ತುಂಬುತ್ತಾರೆ. ಲೆಕ್ಕದ ವರ್ಷ ಮುಗಿಯುವ ಮಾರ್ಚ್ 31 ಬರುವುದು ಗೋದಾಮು ತುಂಬಿರುವ ಹೊತ್ತಿಗೇ. ಆದರೆ ಹೋದ ವರ್ಷದ ಮಾರ್ಚ್ 31ರಂದೂ ಗೋದಾಮು ತುಂಬಿತ್ತು. ಆದ್ದರಿಂದ ಹಂಗಾಮು ಒಂದೇ ಈ 9,00,000ದ ಏರಿಕೆಯನ್ನು ವಿವರಿಸುವುದಿಲ್ಲ. ಚೀಲಗಳ ಸಂಖ್ಯೆ ಹೆಚ್ಚಿತೋ, ಕೊಂಡ ದರ ಹೆಚ್ಚಿತೋ, ಅಥವಾ ಹಳೇ ಮಾಲು ಮಾರಾಟವಾಗದೆ ಉಳಿಯಿತೋ ಎಂದು ದಾಸ್ತಾನು ಪುಸ್ತಕ ನೋಡಿ ಒಂದು ಸಾಲು ಬರೆದಿಡಿ. ಬ್ಯಾಂಕಿನ ಮ್ಯಾನೇಜರರು ಅದನ್ನೇ ಮೊದಲು ಕೇಳುತ್ತಾರೆ. ಹಳೇ ಮಾಲು ಉಳಿದಿದೆ ಎಂಬ ಉತ್ತರ ಬಂದರೆ ಅದು ಲಾಭದ ಅಂಕಿಯ ಮೇಲೂ ಪ್ರಶ್ನೆ ಎತ್ತುತ್ತದೆ, ಏಕೆಂದರೆ ಕೊಂಡ ದರಕ್ಕಿಂತ ಮಾರಾಟದ ದರ ಇಳಿದಿದ್ದರೆ ದಾಸ್ತಾನಿನ ಬೆಲೆಯನ್ನೂ ಇಳಿಸಬೇಕು.

ಕಾಗದಗಳ ಜೊತೆ ಟ್ಯಾಲಿಯಿಂದ ತೆಗೆದ ನಗದು ಹರಿವಿನ ಮುದ್ರಿತ ಪ್ರತಿಯೂ ಇದೆ. ಅದನ್ನು ಬ್ಯಾಂಕಿಗೆ ಕೊಡಬೇಡಿ. ಅದು ತಿಂಗಳವಾರು ಬಂದ ಹಣ, ಹೋದ ಹಣದ ವರದಿ. ಲಾಭದಿಂದ ಶುರುಮಾಡಿ ಹಿಂದಕ್ಕೆ ಹೋಗುವ ಪರೋಕ್ಷ ವಿಧಾನದ ಪಟ್ಟಿ ಅದಲ್ಲ.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತಿದೆ, ಏಕೆಂದರೆ ಇದನ್ನು ಕೊನೆಯ 75,000 ಹಿಡಿದುಕೊಡುವುದಿಲ್ಲ. ಸ್ಥಿರಾಸ್ತಿಗಳ ಖಾತೆಯನ್ನು ನಾನು ಕೂಡಿ ನೋಡಿದೆ: ಮೊದಲಿನ 24,00,000ದಿಂದ ಸವಕಳಿ 3,20,000 ಮತ್ತು ಮಾರಿದ ಯಂತ್ರದ ಪುಸ್ತಕದ ಬೆಲೆ 1,80,000 ಕಳೆದು, ಹೊಸ ಯಂತ್ರದ 8,50,000 ಕೂಡಿಸಿದರೆ 27,50,000. ಅಢಾವೆ ಪತ್ರಿಕೆಯಲ್ಲೂ ಅಷ್ಟೇ ಇದೆ. ಆದರೆ ಇದು ಯಂತ್ರದ ಬಿಲ್ಲಿನ ಮೊತ್ತ ಹೇಳುತ್ತದೆಯೇ ಹೊರತು ಮಾರ್ಚ್ 31ರೊಳಗೆ ಕೊಟ್ಟ ಹಣವನ್ನಲ್ಲ. ಯಂತ್ರ ಕೊಟ್ಟವರ ಖಾತೆಯಲ್ಲಿ ಉದಾಹರಣೆಗೆ 1,50,000 ಇನ್ನೂ ಕೊಡುವುದಿದೆ ಎಂದುಕೊಳ್ಳಿ. ಆ ಬಾಕಿ ನೀವು ತೋರಿಸಿದ 2,60,000ದೊಳಗೆ, ಅಡತಿಯವರ ಬಾಕಿಯ ಜೊತೆ ಬೆರೆತಿರುತ್ತದೆ. ಆಗ ವ್ಯಾಪಾರದ ಬಾಕಿಯ ಏರಿಕೆ 1,10,000 ಮಾತ್ರ, ಯಂತ್ರಕ್ಕೆ ಹೋದ ಹಣ 7,00,000 ಮಾತ್ರ. ಕಾರ್ಯಾಚರಣೆಯ ನಗದು 2,10,000ಕ್ಕೆ ಇಳಿಯುತ್ತದೆ, ಹೂಡಿಕೆಯ ಹೊರಹರಿವು 4,50,000 ಆಗುತ್ತದೆ. ಒಟ್ಟು ಮಾತ್ರ ಮತ್ತೆ 1,60,000 ಕಡಿಮೆಯೇ, ಪಟ್ಟಿ ಎರಡೂ ರೀತಿಯಲ್ಲಿ ಹೊಂದುತ್ತದೆ.

ಬ್ಯಾಂಕಿಗೆ ಇವೆರಡೂ ಒಂದೇ ಅಲ್ಲ. ಈ ವರ್ಷ ಕೊಟ್ಟ ಕಂತು, ಬಡ್ಡಿ ಸೇರಿ 3,40,000. ಕಾರ್ಯಾಚರಣೆಯಿಂದ 3,60,000 ಬಂದಿದ್ದರೆ ಮಿಲ್ಲು ತನ್ನ ದುಡಿಮೆಯಿಂದಲೇ ಸಾಲ ತೀರಿಸುತ್ತಿದೆ ಎಂದರ್ಥ. 2,10,000 ಮಾತ್ರ ಬಂದಿದ್ದರೆ 1,30,000 ಬೇರೆಲ್ಲಿಂದಲೋ ಬಂದಿದೆ. ಹಾಗಾಗಿ ಪಟ್ಟಿಯನ್ನು ಸಹಿಗೆ ಕಳಿಸುವ ಮೊದಲು ಯಂತ್ರ ಕೊಟ್ಟವರ ಖಾತೆ ತೆಗೆದು ಮಾರ್ಚ್ 31ರ ಬಾಕಿ ನೋಡಿ. ಶೂನ್ಯ ಇದ್ದರೆ ಮೇಲಿನ ಅಂಕಿಗಳನ್ನೇ ಕೊಡಿ. ಏನಾದರೂ ಉಳಿದಿದ್ದರೆ ಅಷ್ಟನ್ನು ಕೊಡಬೇಕಾದ ಬಾಕಿಯ ಏರಿಕೆಯಿಂದಲೂ ಯಂತ್ರದ ಖರೀದಿಯಿಂದಲೂ ತೆಗೆದು, ಕೆಳಗೆ ಒಂದು ಟಿಪ್ಪಣಿ ಬರೆದು ಕೊಡಿ.