ನಿಮಿಷಕ್ಕ 300 ಸಲ ತೇಕೋ ನಾಯಿ

ಪ್ರಶ್ನೆ: ಡಾಕ್ಟ್ರ, ನಮ್ಮನ್ಯಾಗ ಮುಧೋಳ ನಾಯಿ ಐತ್ರಿ. ಬ್ಯಾಸಿಗ್ಯಾಗ ಕಟ್ಟಿ ಮ್ಯಾಲೆ ಬಿದ್ಕೊಂಡು ತಾಸುಗಟ್ಲೆ ತೇಕತೈತಿ. ನಾನು ಹಂಗ ಜೋರ ಜೋರ ಉಸಿರಾಡಿ ನೋಡಿದ್ನಿ, ಎರಡ ನಿಮಿಷದಾಗ ತಲಿ ತಿರಗಿ ಬೆರಳು ಜುಮ್ ಅಂದ್ವು. ಅದಕ್ಕ ಹಂಗ್ಯಾಕ ಆಗಂಗಿಲ್ಲ? (ಜಮಖಂಡಿ ಓದುಗರು)

ಉತ್ತರ: ನಿಮಗ ತಲಿ ತಿರಗಿದ್ದು ಆಕ್ಸಿಜನ್ ಜಾಸ್ತಿ ಆಗಿ ಅಲ್ರಿ, ರಕ್ತದಾಗಿನ ಕಾರ್ಬನ್ ಡೈಆಕ್ಸೈಡ್ ಕಡಿಮಿ ಆಗಿ. ನೀವು ಜೋರಾಗಿ ಅಷ್ಟ ಅಲ್ಲ, ಆಳವಾಗಿನೂ ಉಸಿರು ಎಳದ್ರಿ, ಹಿಂಗಾಗಿ ಹೊಸಾ ಗಾಳಿ ಪುಪ್ಪಸದ ತಳದ ತನಕಾ ಹೋಗಿ ಅಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ತೊಳಕೊಂಡು ಹೊರಗ ಬಂತು. ನಾಯಿ ಹಂಗ ಮಾಡಂಗಿಲ್ಲ, ಅದು ಮ್ಯಾಲಿಂದ ಮ್ಯಾಲೆ ಗಾಳಿ ಆಡಸ್ತೈತಿ.

ಬೋರಿನಿಂದ ಕಬ್ಬಿನ ಹೊಲಕ್ಕ ಪೈಪು ಹಾಕಿರ್ತೀರಲ್ಲ, ಪೈಪು ತುಂಬೂತನಕ ಹೊಲಕ್ಕ ಒಂದ ಹನಿ ನೀರೂ ಬೀಳಂಗಿಲ್ಲ. ಮೂಗು, ಗಂಟಲು, ಶ್ವಾಸನಾಳನೂ ಅಂಥಾ ಪೈಪ. ಅಲ್ಲಿರೋ ಗಾಳಿ ರಕ್ತದ ಜೋಡಿ ಏನೂ ಕೊಡು-ತಗೊಳ್ಳೂದು ಮಾಡಂಗಿಲ್ಲ, ಆ ವ್ಯವಹಾರ ನಡಿಯೂದು ಕೊನಿಗಿರೋ ಗಾಳಿಚೀಲದಾಗ ಮಾತ್ರ. ಈ ಪೈಪಿನ ಜಾಗಾಕ್ಕ ನಾವು ಡೆಡ್ ಸ್ಪೇಸ್ ಅಂತೀವಿ.

ಸುಮಾರು 20 ಕಿಲೋದ ನಾಯಿ ಇಟ್ಕೊಂಡು ಅಂದಾಜಿನ ಲೆಕ್ಕಾ ಮಾಡೂನು. ಆರಾಮ ಮಲಗಿದಾಗ ನಿಮಿಷಕ್ಕ 20 ಉಸಿರು, ಒಂದೊಂದು 300 ಮಿಲಿ, ಅದರಾಗ 120 ಮಿಲಿ ಪೈಪಿನ್ಯಾಗ ಉಳೀತು ಅಂತ ತಿಳಕೊಳ್ರಿ, ಗಾಳಿಚೀಲಕ್ಕ 180 ಮುಟ್ಟಿತು. 20 ಸಲಕ್ಕ 3.6 ಲೀಟರ್. ತೇಕುವಾಗ ನಿಮಿಷಕ್ಕ 300 ಉಸಿರು, ಒಂದೊಂದು 130 ಮಿಲಿ ಅಷ್ಟ. ಒಟ್ಟ ಓಡಾಡೋ ಗಾಳಿ 6 ಲೀಟರಿನಿಂದ 39 ಲೀಟರಿಗೆ ಏರ್ತು, ಆದ್ರ ಗಾಳಿಚೀಲಕ್ಕ ಹೋಗಿದ್ದು 10 ಮಿಲಿ ಇಂಟು 300, ಅಂದ್ರ 3 ಲೀಟರ್. ಹೆಚ್ಚು ಕಡಿಮಿ ಮೊದಲಿನಷ್ಟ! ನಿಜವಾದ ನಾಯ್ಯಾಗ ಹಳೆ ಗಾಳಿ ಹೊಸಾ ಗಾಳಿ ಪೈಪಿನ್ಯಾಗ ಒಂದಿಷ್ಟು ಕಲೀತಾವ, ಹಿಂಗಾಗಿ ಕಳಿಯೂ ಲೆಕ್ಕಾ ಇಷ್ಟು ಕರಾರುವಾಕ್ಕಾಗಿ ಕೂಡಂಗಿಲ್ಲ, ಆದ್ರ ವಿಷಯ ಇದ.

ಮತ್ತ ಆ ಪೈಪಿನ್ಯಾಗ ಸುಮ್ನ ಓಡಾಡೋ ಗಾಳಿ ವೇಸ್ಟ್ ಅಲ್ರಿ, ನಾಯಿ ಮೈ ಬಿಸಿ ಹೊರಗ ಹಾಕೂದ ಅದು. ಅಂಗಾಲು ಬಿಟ್ರ ಅದಕ್ಕ ಹೇಳಿಕೊಳ್ಳುವಂಥ ಬೆವರಿಲ್ಲ. ಹೆಚ್ಚಾಗಿ ಮೂಗಿನಿಂದ ಒಳಗ ತಗೊಂಡು ಬಾಯಿಂದ ಬಿಡ್ತೈತಿ, ಮೂಗಿನೊಳಗಿನ ಪದರ, ನಾಲಿಗಿ ಇವುಗಳ ಪಸಿ ಆರಿ ಆವಿ ಆಗತೈತಿ, ಮಣ್ಣಿನ ಗಡಿಗ್ಯಾಗ ನೀರು ತಂಪಾಗೂ ಹಂಗ. ನಮ್ಮ ಕಡೆ 40 ಡಿಗ್ರಿ ಒಣಾ ಬಿಸಿಲಿನ್ಯಾಗ ಆ 39 ಲೀಟರ್ ಗಾಳಿ ತಾಸಿಗೆ ಹೆಚ್ಚಂದ್ರ 80 ಮಿಲಿ ನೀರು ಹೊತ್ಕೊಂಡು ಹೋಗಬಹುದು. ಅಷ್ಟ ನೀರು ಆರಿದ್ರೂ ಮಲಗಿದ ನಾಯಿ ಮೈಯಾಗ ಹುಟ್ಟೋ ಬಿಸಿಕಿಂತ ಜಾಸ್ತಿ ಹೊರಗ ಹೋಗತೈತಿ. ಅದ ಗಾಳಿಯೊಳಗ ಪಸಿ ತುಂಬಿದ್ರ, ಇಲ್ಲಾ ಬಾಗಲಾ ಮುಚ್ಚಿದ ತಗಡಿನ ಶೆಡ್ಡಿನ್ಯಾಗ ನಾಯಿ ಬಿಟ್ಟ ಉಸಿರ ಅಲ್ಲೇ ನಿಂತ್ರ, ಎಷ್ಟ ತೇಕಿದ್ರೂ ನೀರು ಆರಂಗಿಲ್ಲ.

ಇಷ್ಟು ಬಡಬಡ ಉಸಿರಾಡೂ ಕೆಲಸದಾಗ ಮತ್ತ ಬಿಸಿ ಹುಟ್ಟೂದಿಲ್ಲೇನು ಅಂತ ಕೇಳಬಹುದು. 1962ರಾಗ ಕ್ರಾಫರ್ಡ್ ಅನ್ನೋವರು ಅಳದು ನೋಡಿದ್ರು, ನಾಯಿ ತೇಕೋ ವೇಗ ಅದರ ಎದಿಗೂಡಿನ ಸಹಜ ತೂಗಾಟದ ವೇಗಕ್ಕ ಹೊಂದತೈತಿ ಅಂತ. ಜೋಕಾಲಿ ಅದರ ಲಯದಾಗ ತಳ್ಳಿದ್ರ ಕೈಗೆ ಶ್ರಮ ಆಗಂಗಿಲ್ಲಲ್ಲ, ಹಂಗ.

ಆದ್ರ ಈ ಉಪಾಯಕ್ಕೂ ಒಂದು ಮಿತಿ ಐತಿ, ಅದನ್ನ ಗುರುತು ಹಿಡಿಯೂದ್ರಾಗ ಮಂದಿ ತಪ್ಪತಾರ. ಹ್ವಾದ ಮೇ ತಿಂಗಳದಾಗ ಬೀಳಗಿ ಕಡೆಯಿಂದ ಒಬ್ರು ಫೋನ್ ಮಾಡಿದ್ರು, ಮಧ್ಯಾಹ್ನ ಬೈಕ್ ಹಿಂದ ಓಡಿ ಬಂದ ನಾಯಿ ಬಿದ್ಕೊಂಡೈತಿ, "ಈಗ ತೇಕೂದು ನಿಧಾನ ಆಗೈತ್ರಿ, ಆರಾಮ ಆತು ಅನಸ್ತೈತಿ" ಅಂದ್ರು. ವಿಡಿಯೋ ಕಳಸ್ರಿ ಅಂದ್ನಿ. ನಿಧಾನ ಆಗಿದ್ದು ಖರೆ, ಆದ್ರ ಪಕ್ಕಿ ಪೂರ್ತಿ ಏರಿ ಇಳೀತಿತ್ತು. ಅಂದ್ರ ಮೈ ಬಿಸಿ ಕೈಮೀರಿ ನಾಯಿ ಈಗ ಆಳ ಉಸಿರಿಗೆ ಇಳದಿತ್ತು. ಮ್ಯಾಲಿನ ಲೆಕ್ಕದಾಗ ಒಂದೊಂದು ಉಸಿರು 200 ಮಿಲಿ ಮಾಡಿ, ನಿಮಿಷಕ್ಕ 150 ಇಡ್ರಿ, ಗಾಳಿಚೀಲಕ್ಕ 12 ಲೀಟರ್ ಹೋತು, ಮೂರು ಪಟ್ಟಿಗಿಂತ ಜಾಸ್ತಿ. ಆಗ ಅದಕ್ಕೂ ನಿಮ್ಮ ಹಂಗ ಕಾರ್ಬನ್ ಡೈಆಕ್ಸೈಡ್ ಕುಸೀತೈತಿ, ರಕ್ತ ಕ್ಷಾರ ಆಗತೈತಿ.

ಮೊದಲ ಬೋರಿನ ನೀರು ಬಿಡ್ರಿ, ಫ್ಯಾನ್ ಹಚ್ಚರಿ, ಮ್ಯಾಲೆ ಹಸಿ ಚೀಲಾ ಹೊದಸಿ ಗಾಳಿ ಕಟ್ಟಬ್ಯಾಡ್ರಿ, ಆಮ್ಯಾಲ ಗಾಡಿ ಹತ್ತಸ್ರಿ ಅಂದ್ನಿ. ನನ್ನ ಕಡೆ ಬಂದಾಗ ಗುದದ್ವಾರದಾಗ ಥರ್ಮಾಮೀಟರ್ ಇಟ್ರ 41.2 ಇತ್ತು, ನಾಯಿಗೆ 38ರಿಂದ 39 ಚಿಲ್ಲರ ಇರಬೇಕು. ವಸಡು ಇಟ್ಟಂಗಿ ಬಣ್ಣ, ಜೊಲ್ಲು ಗೋಂದಿನಂಗ. 39.5ಕ್ಕ ಇಳದ ಕೂಡ್ಲೆ ನೀರು ನಿಲ್ಲಸಿದ್ವಿ, ಇನ್ನೂ ಹಾಕಿದ್ರ ಅತೀ ತಣ್ಣಗಾಗಿ ಬ್ಯಾರೆ ಪಜೀತಿ. ಎರಡು ದಿನ ಸಲೈನ್ ಏರಸಿ ಮನಿಗೆ ಕಳಸಿದ್ವಿ.

ನಿಮ್ಮ ನಾಯಿ ತೇಕೋದನ್ನ ಒಮ್ಮೆ ಫೋನಿನ್ಯಾಗ ಸ್ಲೋ ಮೋಷನ್ ವಿಡಿಯೋ ಮಾಡಿ ಇಟ್ಕೊಳ್ರಿ, ಕಣ್ಣಿಲೆ 300 ಎಣಿಸಾಕ ಆಗಂಗಿಲ್ಲ. ಆರಾಮ ಇದ್ದಾಗ ಪಕ್ಕಿ ಎಷ್ಟು ಅಲಗತೈತಿ ಅಂತ ಕಂಡಿದ್ರ, ಮುಂದ ಯಾವತ್ತಾದ್ರೂ ಪೂರ್ತಿ ಏರಿ ಇಳದಾಗ ನಿಮಗ ಗೊತ್ತಾಗತೈತಿ.